ಇನ್ಶಾ ಅಲ್ಲಾಹ್: ಒಂದು ಮಾತು, ಹಲವು ಮನಸ್ಸು

ಅರಬ್ಬಿ ಭಾಷೆ ಬಾರದವರಿಗೂ ಗೊತ್ತಿರುವ ಕೆಲವೇ ಅರಬ್ಬಿ ಮಾತುಗಳಲ್ಲಿ 'ಇನ್ಶಾ ಅಲ್ಲಾಹ್' ಒಂದು. ಸಲಾಂ ಜೊತೆ ಸೇರಿಸಿ ಇದನ್ನೂ ಒಂದು ನಮಸ್ಕಾರದ ಮಾತು ಎಂದುಕೊಳ್ಳುವವರು ನಮ್ಮಲ್ಲಿ ಇದ್ದಾರೆ. ಸಲಾಂ ಎದುರು ಸಿಕ್ಕಾಗ ಹೇಳುವುದು. ಇದು ಹಾಗಲ್ಲ. ಇದು ಇನ್ನೂ ಆಗದ ಕೆಲಸದ ಬಗ್ಗೆ, ಇನ್ನೂ ತಿಳಿಯದ ಸಂಗತಿಯ ಬಗ್ಗೆ ಹೇಳುವ ಮಾತು. ಕುಶಲ ಕೇಳುವಾಗ 'ಇನ್ಶಾ ಅಲ್ಲಾಹ್ ಬಿಖೈರ್', ಅಂದರೆ 'ಚೆನ್ನಾಗಿದ್ದೀರಿ ಅಂದುಕೊಳ್ಳುತ್ತೇನೆ' ಎಂದು ಹೇಳುವಾಗಲೂ ಅದೇ. ಎದುರಿನವರ ಸ್ಥಿತಿ ನನಗೆ ಗೊತ್ತಿಲ್ಲ, ಒಳ್ಳೆಯದೇ ಇರಲಿ ಎಂಬ ಆಸೆ ಇದೆ, ಅಷ್ಟೇ.

ಈ ಮಾತಿನಲ್ಲಿ ಮೂರು ಪದಗಳಿವೆ. 'ಇನ್' ಅಂದರೆ 'ರೆ', ನಾವು ಬಂದರೆ, ಹೋದರೆ ಎನ್ನುವಾಗಿನ 'ರೆ'. 'ಶಾಅ' ಅಂದರೆ ಇಚ್ಛಿಸಿದ. ಕೊನೆಯದು ಅಲ್ಲಾಹ್. ಇಲ್ಲಿ ಕನ್ನಡದವರಿಗೆ ಥಟ್ಟನೆ ಅರ್ಥವಾಗುವ ಒಂದು ವಿಷಯವಿದೆ. 'ಶಾಅ' ಎನ್ನುವುದು ಭೂತಕಾಲದ ರೂಪ. ಆದರೆ ಮುಂದೆ 'ಇನ್' ಬಂದ ಕೂಡಲೇ ಅದರ ಅರ್ಥ ನಾಳೆಯ ಕಡೆ ತಿರುಗುತ್ತದೆ. ನಮ್ಮಲ್ಲೂ 'ನಾಳೆ ಮಳೆ ಬಂದರೆ' ಎನ್ನುವಾಗ 'ಬಂದ' ಎಂಬ ಭೂತಕಾಲದ ರೂಪಕ್ಕೇ 'ರೆ' ಸೇರಿಸುತ್ತೇವೆ ಅಲ್ವಾ? ಹಾಗಾಗಿ 'ದೇವರು ಇಚ್ಛಿಸಿದರೆ' ಎನ್ನುವುದು ಅರಬ್ಬಿ ವಾಕ್ಯಕ್ಕೆ ಬಹಳ ಹತ್ತಿರ ನಿಲ್ಲುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಅರಬ್ಬಿಯಲ್ಲಿ 'ರೆ' ಎನ್ನಲು ಮುಖ್ಯವಾಗಿ ಮೂರು ಪದಗಳು. ಆಗಿಯೇ ಆಗುತ್ತದೆ ಎಂದು ನಿರೀಕ್ಷೆ ಇದ್ದಾಗ 'ಇದಾ'. ಆಗಲಾರದ್ದನ್ನು ಸುಮ್ನೆ ಊಹಿಸುವಾಗ 'ಲೌ'. ಆಗಲೂಬಹುದು, ಆಗದಿರಲೂಬಹುದು ಎನ್ನುವಾಗ 'ಇನ್'. ಈ ಮಾತಿನಲ್ಲಿ ಇರುವುದು 'ಇನ್'. ಅಂದರೆ ಅನುಮಾನದ ಜಾಗವನ್ನು ಈ ಮಾತು ಕಟ್ಟುವಾಗಲೇ ಬಿಟ್ಟಿದ್ದಾರೆ. ಬರೆಯುವಾಗ ಮೂರನ್ನೂ ಬಿಡಿಸಿ ಬರೆಯಬೇಕು ಎಂದು ಭಾಷೆ ಬಲ್ಲವರು ಹಠ ಹಿಡಿಯುತ್ತಾರೆ. ಮೊದಲೆರಡನ್ನು ಕೂಡಿಸಿ 'ಇನ್ಶಾಅ' ಎಂದು ಬರೆದರೆ ಅದು ಬೇರೆಯೇ ಪದ. ರಚಿಸುವುದು, ನಿರ್ಮಿಸುವುದು ಎಂದು ಅದರ ಅರ್ಥ. ಅರಬರೇ ದಿನನಿತ್ಯ ಕೂಡಿಸಿ ಬರೆಯುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಆಡುಮಾತಿನಲ್ಲಂತೂ ಅದು ಇನ್ನೂ ಸವೆದು 'ಇನ್‌ಶಲ್ಲ' ಆಗಿದೆ. ಲೆಬನಾನ್, ಸಿರಿಯಾ ಕಡೆ 'ನ್‌ಶಲ್ಲ' ಎಂದಷ್ಟೇ ಕೇಳುತ್ತದೆ.

ಈ ಮಾತನ್ನು ಹೇಳಲೇಬೇಕು ಎಂಬ ಕಟ್ಟಳೆ ಬಂದಿದ್ದು ಕುರ್‌ಆನಿನಿಂದ. 18ನೇ ಅಧ್ಯಾಯ ಅಲ್-ಕಹ್ಫ್. ಅದರ 23 ಮತ್ತು 24ನೇ ವಚನಗಳ ಸಾರ ಇಷ್ಟು: ಯಾವ ಕೆಲಸದ ಬಗ್ಗೆಯೂ 'ನಾಳೆ ಇದನ್ನು ಮಾಡುತ್ತೇನೆ' ಎನ್ನಬೇಡ, 'ಅಲ್ಲಾಹನು ಇಚ್ಛಿಸಿದರೆ' ಎಂದು ಸೇರಿಸದೆ. ಇದರ ಹಿಂದೆ ಒಂದು ಕಥೆಯನ್ನು ಪ್ರವಾದಿಯವರ ಹಳೆಯ ಜೀವನಚರಿತ್ರೆಗಳು ಹೇಳುತ್ತವೆ. ಮೆಕ್ಕಾದ ಕುರೈಶರು ಯಹೂದಿ ಪಂಡಿತರನ್ನು ಕೇಳಿಕೊಂಡು ಬಂದು ಪ್ರವಾದಿಯವರ ಮುಂದೆ ಮೂರು ಪ್ರಶ್ನೆ ಇಟ್ಟರು. ಗುಹೆಯಲ್ಲಿ ಮಲಗಿದ ಯುವಕರು ಯಾರು, ಲೋಕ ಸುತ್ತಿದ ಆ ಪಯಣಿಗ ಯಾರು, ಆತ್ಮ ಅಂದರೆ ಏನು. ನಾಳೆ ಹೇಳುತ್ತೇನೆ ಎಂದರು ಪ್ರವಾದಿ. ಇನ್ಶಾ ಅಲ್ಲಾಹ್ ಎನ್ನಲಿಲ್ಲ. ಮರುದಿನ ದೇವವಾಣಿ ಬರಲಿಲ್ಲ. ಅದರ ಮರುದಿನವೂ ಇಲ್ಲ. 15 ರಾತ್ರಿ ಹೀಗೇ ಕಳೆಯಿತು, ಊರಿನವರು ಆಡಿಕೊಂಡರು. ಕೊನೆಗೆ ಉತ್ತರ ಬಂದಾಗ ಅದರ ಜೊತೆಗೇ ಈ ಎಚ್ಚರಿಕೆಯೂ ಬಂತು ಎಂದು ಕಥೆ.

ಕಥೆಯಲ್ಲಿ ನನ್ನ ಗಮನ ಹೋಗುವುದು ಒಂದು ಕಡೆಗೆ. 'ನಾಳೆ ಹೇಳುತ್ತೇನೆ' ಎಂದವರು ಜಾರಿಕೊಳ್ಳಲು ಹಾಗೆ ಹೇಳಿದ್ದಲ್ಲ. ಹೇಳುವ ಮನಸ್ಸು ಪೂರ್ತಿ ಇತ್ತು. ಉತ್ತರ ಅವರ ಕೈಯಲ್ಲಿ ಇರಲಿಲ್ಲ, ಅಷ್ಟೇ. ಅಂದರೆ ಈ ಮಾತಿನ ಮೂಲ ಜಾಗದಲ್ಲಿ ಹೇಳುವವನ ಮನಸ್ಸು ಗಟ್ಟಿಯಾಗಿದೆ, ಅನುಮಾನ ಇರುವುದು ನಾಳೆಯ ಬಗ್ಗೆ. ಇವತ್ತು ನಾವು ದೂರುವ ಬಳಕೆಯಲ್ಲಿ ಇದು ತಿರುಗಿ ನಿಂತಿರುತ್ತದೆ. ನಾಳೆಗೇನೂ ಅಡ್ಡಿ ಇಲ್ಲ, ಹೇಳುವವನ ಮನಸ್ಸೇ ಇಲ್ಲ.

ಆದರೆ ಹಿಂದೆ ಎಲ್ಲ ಶುದ್ಧವಾಗಿತ್ತು, ಈಗ ಕೆಟ್ಟಿದೆ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಈ ಒಂದೇ ಮಾತಿನ ಒಳಗೆ ಬೇರೆ ಬೇರೆ ಮನಸ್ಸು ಕೂರಬಹುದು ಎಂದು ಇಸ್ಲಾಮಿನ ಧರ್ಮಶಾಸ್ತ್ರ ಬರೆದವರಿಗೆ ಮೊದಲಿನಿಂದಲೂ ಗೊತ್ತಿತ್ತು. ಅವರು ಇದಕ್ಕೆ ಇಟ್ಟ ಹೆಸರು 'ಇಸ್ತಿಸ್ನಾ', ಅಂದರೆ ಹೊರತುಪಡಿಸುವುದು. ಆಡಿದ ಮಾತಿಗೆ ಒಂದು ಹೊರಬಾಗಿಲು ಇಡುವುದು.

ಆಣೆಯ ವಿಷಯವನ್ನೇ ತೆಗೆದುಕೊಳ್ಳಿ. ಒಬ್ಬ ದೇವರ ಮೇಲೆ ಆಣೆ ಇಟ್ಟು ಮುರಿದರೆ ಅದಕ್ಕೆ ಪ್ರಾಯಶ್ಚಿತ್ತವಿದೆ. 10 ಬಡವರಿಗೆ ಊಟ ಹಾಕಬೇಕು ಅಥವಾ ಬಟ್ಟೆ ಕೊಡಬೇಕು ಅಥವಾ ಒಬ್ಬ ಗುಲಾಮನನ್ನು ಬಿಡುಗಡೆ ಮಾಡಬೇಕು. ಇದ್ಯಾವುದೂ ಆಗದಿದ್ದರೆ 3 ದಿನ ಉಪವಾಸ. ಆದರೆ ಆಣೆ ಇಡುವಾಗಲೇ ಇನ್ಶಾ ಅಲ್ಲಾಹ್ ಎಂದು ಸೇರಿಸಿದ್ದರೆ ಆಣೆ ಮುರಿದ ದೋಷವೇ ಇಲ್ಲ ಎಂದು ಪ್ರವಾದಿಯವರ ವಚನವಿದೆ. ಆಗ ಪ್ರಶ್ನೆ ಬರುತ್ತದೆ. ಯಾರು ಬೇಕಾದರೂ ಈ ಒಂದು ಮಾತು ಅಂಟಿಸಿ ತಪ್ಪಿಸಿಕೊಳ್ಳಬಹುದಲ್ಲ? ಪಂಡಿತರು ಇದಕ್ಕೆ ಬೇಲಿ ಹಾಕಿದರು. ಆಣೆಗೆ ತಾಗಿಯೇ ಹೇಳಿರಬೇಕು ಎಂದರು ಬಹುಪಾಲು ಜನ. ನಡುವೆ ಉಸಿರು ತೆಗೆದುಕೊಂಡರೆ, ಕೆಮ್ಮಿದರೆ ಪರವಾಗಿಲ್ಲ. ಮನೆಗೆ ಹೋಗಿ ಯೋಚಿಸಿ ಸಂಜೆ ಬಂದು ಸೇರಿಸಿದರೆ ನಡೆಯದು. ಮತ್ತೆ ಕೆಲವು ಪಂಡಿತರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೊರತುಪಡಿಸುವ ಉದ್ದೇಶ ಮನಸ್ಸಿನಲ್ಲಿ ಇರಲೇಬೇಕು ಎಂದರು. ಸುಮ್ನೆ ಅಭ್ಯಾಸಬಲದಿಂದ, ದೇವರ ಹೆಸರು ಇರಲಿ ಎಂದು ಹೇಳಿದ್ದರೆ ಆಣೆ ಗಟ್ಟಿಯಾಗಿಯೇ ಉಳಿಯುತ್ತದೆ. ನೋಡಿ, ಎರಡೂ ಕಡೆ ಬಾಯಿಂದ ಬಂದ ಮಾತು ಅದೇ. ಒಂದು ಕಡೆ ಅದು ಕಟ್ಟು ಬಿಚ್ಚುತ್ತದೆ, ಇನ್ನೊಂದು ಕಡೆ ಬಿಚ್ಚುವುದಿಲ್ಲ. ತೀರ್ಮಾನ ಮಾಡುವುದು ಉದ್ದೇಶ.

ಹೀಗೆ ಎರಡು ಬಗೆ ಸ್ಪಷ್ಟವಾಗಿ ಬೇರೆಯಾಯಿತು. ಒಂದು, ಮಾತನ್ನು ಷರತ್ತಿಗೆ ಕಟ್ಟುವುದು. ಇದನ್ನು 'ತಅಲೀಕ್' ಎನ್ನುತ್ತಾರೆ, ನೇತುಹಾಕುವುದು ಎಂದು ಅರ್ಥ. ಇನ್ನೊಂದು 'ತಬರ್ರುಕ್', ಶುಭಕ್ಕಾಗಿ ದೇವರ ಹೆಸರು ಹೇಳುವುದು. ಎರಡನೆಯದರಲ್ಲಿ ಅನುಮಾನದ ಲವಲೇಶವೂ ಇರಬೇಕಾಗಿಲ್ಲ. ಇದಕ್ಕೆ ನನಗೆ ತುಂಬಾ ಹಿಡಿಸಿದ ಉದಾಹರಣೆ ಸ್ಮಶಾನದ್ದು. ಸಮಾಧಿಗಳ ಹತ್ತಿರ ಹೋದಾಗ ಹೇಳಲು ಪ್ರವಾದಿ ಕಲಿಸಿದ ಮಾತಿನಲ್ಲಿ, 'ನಾವೂ ಇನ್ಶಾ ಅಲ್ಲಾಹ್ ನಿಮ್ಮನ್ನು ಬಂದು ಸೇರುವವರೇ' ಎಂದು ಬರುತ್ತದೆ. ಸಾವಿಗಿಂತ ಖಚಿತವಾದದ್ದು ಏನಿದೆ? ಅಲ್ಲೂ ಇನ್ಶಾ ಅಲ್ಲಾಹ್ ಇದೆ.

ಇದರ ಮೇಲೆ ದೊಡ್ಡ ಚರ್ಚೆಯೊಂದು ಶತಮಾನಗಳ ಕಾಲ ನಡೆದಿದೆ. 'ನಾನು ವಿಶ್ವಾಸಿ, ಇನ್ಶಾ ಅಲ್ಲಾಹ್' ಎನ್ನಬಹುದೇ? ಹನಫಿ ಪಂಥದವರು ಬೇಡ ಎಂದರು. ನಿನ್ನ ನಂಬಿಕೆಯ ಮೇಲೆ ನಿನಗೇ ಅನುಮಾನ ಇದ್ದಂತೆ ಕಾಣುತ್ತದೆ ಎಂದು ಅವರ ವಾದ. ಶಾಫಿ ಪಂಥದ ಹಲವರು ಹೇಳಬಹುದು ಎಂದರು. ಕೊನೆಯ ಉಸಿರಿನವರೆಗೂ ಹೀಗೇ ಇರುತ್ತೇನೆ ಎಂದು ಯಾರು ತಾನೇ ಹೇಳಬಲ್ಲರು, ಇದು ವಿನಯದ ಮಾತು ಎಂದು ಇವರ ವಾದ. ಒಬ್ಬರಿಗೆ ಅನುಮಾನವಾಗಿ ಕೇಳಿಸಿದ್ದು ಇನ್ನೊಬ್ಬರಿಗೆ ವಿನಯವಾಗಿ ಕೇಳಿಸಿತು. ಇಬ್ಬರೂ ಅರಬ್ಬಿ ಚೆನ್ನಾಗಿ ಬಲ್ಲ ಪಂಡಿತರೇ.

ಇನ್ನು ಬೀದಿಗೆ ಬರೋಣ. ಶಾರ್ಜಾದಲ್ಲಿ ನಾನು ಬಾಡಿಗೆಗಿದ್ದ ಕಟ್ಟಡದ ನಾತೂರ್ ಈಜಿಪ್ಟಿನವರು. ನಾತೂರ್ ಅಂದರೆ ಕಟ್ಟಡ ಕಾಯುವವರು, ಆದರೆ ಕಾಯುವುದಷ್ಟೇ ಅವರ ಕೆಲಸವಲ್ಲ. ನಲ್ಲಿ ಸೋರಿದರೆ, ಲಿಫ್ಟ್ ನಿಂತರೆ, ಬಾಡಿಗೆ ಚೆಕ್ ಕೊಡಬೇಕಾದರೆ ಎಲ್ಲದಕ್ಕೂ ಅವರೇ. ನನ್ನನ್ನು 'ಯಾ ಬಾಶ್‌ಮುಹಂದಿಸ್' ಎಂದು ಕರೆಯುತ್ತಿದ್ದರು. ಅದು 'ಇಂಜಿನಿಯರ್ ಸಾಹೇಬ್ರೇ' ಎಂಬ ಹಾಗಿನ ಮಾತು, ಈಜಿಪ್ಟಿನವರು ಪ್ಯಾಂಟು ಶರ್ಟು ಹಾಕಿದ ಬಹುತೇಕರಿಗೆ ಪ್ರೀತಿಯಿಂದ ಹೇಳುತ್ತಾರೆ. ಜೂನ್ ತಿಂಗಳಲ್ಲಿ ನನ್ನ ಮನೆಯ ಎ.ಸಿ. ಕೆಟ್ಟಿತು. ಜೂನ್‌ನಲ್ಲಿ ಅಲ್ಲಿ ಎ.ಸಿ. ಇಲ್ಲದೆ ಒಂದು ರಾತ್ರಿ ಕಳೆಯುವುದು ದೊಡ್ಡ ಕಷ್ಟ.

ಬೆಳಿಗ್ಗೆ ಕೆಳಗಿಳಿದು ವಿಷಯ ಹೇಳಿದೆ. "ಇನ್‌ಶಲ್ಲ," ಎಂದರು. ಚಿಕ್ಕದಾಗಿ, ಬೇಗ, ಕೈಯಲ್ಲಿದ್ದ ಕೆಲಸ ಬಿಡದೆ. ಇದು ಗಲ್ಫಿನಲ್ಲಿ ದಿನವೂ ಕೇಳಿಬರುವ ಇನ್ಶಾ ಅಲ್ಲಾಹ್. ಅದರ ಅರ್ಥ 'ಕೇಳಿಸಿಕೊಂಡೆ, ಆಯ್ತು' ಎಂದಷ್ಟೇ. ಹೋಟೆಲಿನಲ್ಲಿ ಎರಡು ಚಹಾ ಎಂದರೂ, ಸಾಹೇಬರು ಫೈಲ್ ತಾ ಎಂದರೂ ಬರುವ ಉತ್ತರ ಇದೇ. ಇಲ್ಲಿ ದೈವೇಚ್ಛೆಯ ಚಿಂತನೆ ಏನಿಲ್ಲ. ಆದರೆ ಯಾವಾಗ ಎನ್ನುವುದೂ ಇಲ್ಲ.

ಆದ್ದರಿಂದ ಕೇಳಿದೆ, "ಎ.ಸಿ.ಯವರು ಇವತ್ತು ಬರ್ತಾರಾ, ನಾಳೆನಾ?" ಅವರು ಫೋನ್ ತೆಗೆದು ಯಾರೊಂದಿಗೋ ಮಾತಾಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇವತ್ತು ಅಸರ್ ನಮಾಜ್ ಆದಮೇಲೆ ಬರ್ತಾನೆ, ಇನ್‌ಶಲ್ಲ. ಮನೆಯಲ್ಲಿ ಯಾರಾದ್ರೂ ಇರಿ," ಎಂದರು. ಅಸರ್ ಅಂದರೆ ಮಧ್ಯಾಹ್ನ ಇಳಿದ ಮೇಲಿನ ನಮಾಜ್. ಈಗ ಇದು ಬೇರೆ ಮಾತು. ಯಾರು ಬರುತ್ತಾರೆ, ಯಾವ ಹೊತ್ತಿಗೆ ಬರುತ್ತಾರೆ, ನಾನು ಏನು ಮಾಡಬೇಕು, ಮೂರೂ ಇದೆ. ಇನ್ಶಾ ಅಲ್ಲಾಹ್ ಕೊನೆಯಲ್ಲಿ ಬಂದಿದೆ, ಆಡಿದ ಮಾತಿನ ಮೇಲೆ ಇಟ್ಟ ಮುದ್ರೆಯ ಹಾಗೆ. ಇದು ಅಲ್-ಕಹ್ಫ್ ಅಧ್ಯಾಯ ಕಲಿಸಿದ ಬಳಕೆ. ನಾನು ಮಾಡುವುದೆಲ್ಲ ಮಾಡಿದ್ದೇನೆ, ದಾರಿಯಲ್ಲಿ ಅವನ ಗಾಡಿ ಕೆಟ್ಟರೆ ಅದು ನನ್ನ ಕೈಲಿಲ್ಲ.

ಧೈರ್ಯ ಬಂತು. ಇನ್ನೊಂದು ಕೇಳಿದೆ. "ಈ ಎ.ಸಿ. ಬಹಳ ಹಳೇದು. ಮಾಲೀಕರು ಹೊಸದು ಹಾಕಿಸಿ ಕೊಡ್ತಾರಾ?" ಅವರು ತಲೆ ಸ್ವಲ್ಪ ಓರೆ ಮಾಡಿದರು. "ಇನ್‌ಶಾಆಅಲ್ಲ..." ನಡುವಿನ ಸ್ವರ ಉದ್ದಕ್ಕೆ ಎಳೆಯಿತು. ಒಂದು ಕ್ಷಣ ಬಿಟ್ಟು, "ಅಲ್ಲಾಹ್ ಕರೀಮ್," ಎಂದರು. ದೇವರು ದೊಡ್ಡ ಮನಸ್ಸಿನವನು ಎಂದು ಅರ್ಥ. ಭಿಕ್ಷೆ ಬೇಡಿದವರನ್ನು ನೋಯಿಸದೆ ಮುಂದೆ ಕಳಿಸುವಾಗಲೂ ಅರಬರು ಹೇಳುವುದು ಇದನ್ನೇ. ಉತ್ತರ ಸಿಕ್ಕಿತು. ಹೊಸ ಎ.ಸಿ. ಬರುವುದಿಲ್ಲ.

ಅಸರ್ ಆದಮೇಲೆ ಹುಡುಗ ಬಂದ. ಗ್ಯಾಸ್ ಸೋರಿತ್ತು, ತುಂಬಿಸಿ ಹೋದ. ಹಳೆಯ ಎ.ಸಿ. ನಾನು ಆ ಮನೆ ಬಿಡುವವರೆಗೂ ಅದೇ ಗೋಡೆಯಲ್ಲಿತ್ತು.

ಒಬ್ಬರೇ ಮನುಷ್ಯ, ಐದು ನಿಮಿಷದ ಒಳಗೆ, ಒಂದೇ ಮಾತನ್ನು ಮೂರು ಮನಸ್ಸಿನಿಂದ ಹೇಳಿದರು. ಮೂರರಲ್ಲಿ ಒಂದೂ ಸುಳ್ಳಲ್ಲ ಎಂದು ನನಗೆ ಅನಿಸುತ್ತದೆ. ಮೂರನೆಯದನ್ನೂ ಸೇರಿಸಿ. ನಾತೂರ್ ಮಾಲೀಕರಲ್ಲ. ಹೊಸ ಎ.ಸಿ. ಕೊಡುವ ಅಧಿಕಾರ ಅವರಿಗಿಲ್ಲ, ಕೊಡುವುದಿಲ್ಲ ಎಂದು ಮಾಲೀಕರ ಪರವಾಗಿ ಹೇಳುವ ಅಧಿಕಾರವೂ ಇಲ್ಲ. 'ಇಲ್ಲ' ಎಂದರೆ ನಾನು ಮುಖ ಗಂಟಿಕ್ಕುತ್ತಿದ್ದೆ, ದಿನವೂ ಬಾಗಿಲಲ್ಲಿ ಎದುರಾಗುವ ಇಬ್ಬರ ನಡುವೆ ಒಂದು ಕಹಿ ಉಳಿಯುತ್ತಿತ್ತು. ಮೃದುವಾದ ನಿರಾಕರಣೆ ಹುಟ್ಟುವುದು ಬಹಳ ಸಲ ಇಂಥ ಜಾಗದಲ್ಲಿ. ಜವಾಬು ಕೊಡಬೇಕಾದವನ ಕೈಯಲ್ಲಿ ಅಧಿಕಾರ ಇರುವುದಿಲ್ಲ.

ಊಟಕ್ಕೆ ಕರೆದಾಗಲೂ ಇದೇ ಮೃದುತನ. ಅರಬರ ಮನೆಯ ಕರೆಯನ್ನು ನೇರವಾಗಿ ಬೇಡ ಎನ್ನುವುದು ಕರೆದವರ ಮರ್ಯಾದೆಗೆ ಪೆಟ್ಟು. 'ಇನ್ಶಾ ಅಲ್ಲಾಹ್' ಎಂದರೆ ಕರೆದವರಿಗೂ ಗೊತ್ತಾಗುತ್ತದೆ, ಹೇಳಿದವರಿಗೂ ಮುಜುಗರವಿಲ್ಲ. ನೀವು ನಿಜವಾಗಿ ಬರಬೇಕೆಂದಿದ್ದರೆ ಕರೆದವರು ಕರೆಯನ್ನು ಇನ್ನೊಮ್ಮೆ, ಮತ್ತೊಮ್ಮೆ ಹೇಳುತ್ತಾರೆ, ದಿನ ಗೊತ್ತು ಮಾಡುತ್ತಾರೆ. ಮಕ್ಕಳು ಆಟಿಕೆ ಬೇಕು ಎಂದಾಗ ಅಪ್ಪ ಅಮ್ಮ ಹೇಳುವ ಇನ್ಶಾ ಅಲ್ಲಾಹ್ ಇನ್ನೊಂದು. ಅರಬ್ ಮಕ್ಕಳು ಅದನ್ನು ಬಲುಬೇಗ 'ಇಲ್ಲ' ಎಂದು ಓದಿಕೊಳ್ಳಲು ಕಲಿಯುತ್ತಾರೆ. 'ಹೌದು ಅನ್ನೋ ಇನ್‌ಶಲ್ಲಾನಾ, ಇಲ್ಲ ಅನ್ನೋ ಇನ್‌ಶಲ್ಲಾನಾ?' ಎಂದು ಅವರೇ ತಿರುಗಿ ಕೇಳುವುದೂ ಉಂಟು. ಇದರ ಬಗ್ಗೆ ಮಸೀದಿಯ ಉಪನ್ಯಾಸಗಳಲ್ಲಿ ಬೇಸರದ ಮಾತು ಕೇಳಿಬರುತ್ತದೆ. ಮಾಡುವ ಮನಸ್ಸೇ ಇಲ್ಲದ ಕೆಲಸಕ್ಕೆ ದೇವರ ಹೆಸರನ್ನು ಅಡ್ಡ ತರಬೇಡಿ ಎನ್ನುತ್ತಾರೆ. ಆ ಬೇಸರ ನನಗೆ ಅರ್ಥವಾಗುತ್ತದೆ. ನಂಬುವವರಿಗೆ ಇದು ಪ್ರಾರ್ಥನೆ. ಪ್ರಾರ್ಥನೆಯನ್ನು ನೆಪ ಮಾಡಿಕೊಂಡರೆ ನೋವಾಗದೆ ಇರುತ್ತದೆಯೇ?

ಹೀಗೆ ಸವೆತ ಬಂದಾಗ ಭಾಷೆಯೂ ಸುಮ್ಮನೆ ಕೂರಲಿಲ್ಲ. ತನ್ನ ಮಾತು ಗಟ್ಟಿ ಎಂದು ತೋರಿಸಬೇಕಾದವರು ಈಗ 'ಬಿಇದ್ನಿಲ್ಲಾಹ್' ಎನ್ನುವುದು ಜಾಸ್ತಿ. ದೇವರ ಅನುಮತಿಯಿಂದ ಎಂದು ಅರ್ಥ. ಇದರಲ್ಲಿ 'ರೆ' ಇಲ್ಲ, ಹಾಗಾಗಿ ಕಿವಿಗೆ ಹೆಚ್ಚು ಖಚಿತವಾಗಿ ಬೀಳುತ್ತದೆ. ಸ್ಪೇನಿನಲ್ಲಿ ಬೇರೆಯೇ ಆಯಿತು. ಅಲ್ಲಿ ಅರಬರು ಆಳಿದ ಕಾಲದಲ್ಲಿ ಜನ 'ಇನ್' ಬದಲು 'ಲೌ' ಹಾಕಿ ಹೇಳುತ್ತಿದ್ದ ರೂಪದಿಂದ ಸ್ಪ್ಯಾನಿಷ್‌ನ 'ಓಹಲಾ' ಬಂತು. ಇವತ್ತು ಸ್ಪೇನಿನವರು 'ಓಹಲಾ ಮಳೆ ಬರಲಿ' ಎನ್ನುವಾಗ ದೇವರ ನೆನಪೂ ಇರುವುದಿಲ್ಲ, ಮಾತು ಕೊಡುವ ಪ್ರಶ್ನೆಯೂ ಇಲ್ಲ. ಆಸೆ ಒಂದೇ ಉಳಿದಿದೆ.

ಹೊರಗಿನಿಂದ ಹೋದವರು ಈ ಮಾತನ್ನು ಬಹಳ ಸಲ ಒಂದೇ ಕಿವಿಯಿಂದ ಕೇಳುತ್ತಾರೆ. ಗಲ್ಫಿನ ಕಚೇರಿಗಳಲ್ಲಿ 'ಐ.ಬಿ.ಎಂ.' ಎಂಬ ಹಳೆಯ ಚೇಷ್ಟೆಯ ಮಾತಿದೆ. ಇನ್ಶಾ ಅಲ್ಲಾಹ್, ಬುಕ್ರಾ, ಮಾಲೀಶ್. ದೇವರಿಚ್ಛೆ, ನಾಳೆ, ಹೋಗಲಿ ಬಿಡು. 2020ರ ಸೆಪ್ಟೆಂಬರ್ 29ರ ಅಮೆರಿಕದ ಅಧ್ಯಕ್ಷೀಯ ಚರ್ಚೆಯಲ್ಲಿ ಟ್ರಂಪ್ ತಮ್ಮ ತೆರಿಗೆ ದಾಖಲೆಗಳನ್ನು ನೋಡುವಿರಂತೆ ಎಂದಾಗ ಬೈಡನ್, ಯಾವಾಗ, ಇನ್ಶಾ ಅಲ್ಲಾಹ್? ಎಂದು ಕೇಳಿದರು. 'ಎಂದಿಗೂ ಇಲ್ಲ' ಎಂಬ ಅರ್ಥದ ಬಳಕೆ ಅದು. ಅದು ಅರಬರ ಮನೆಯೊಳಗೂ ಇರುವ ಬಳಕೆಯೇ, ಅದರಲ್ಲಿ ತಪ್ಪಿಲ್ಲ. ಆದರೆ ಅದೊಂದೇ ಅರ್ಥ ಎಂದು ನಂಬಿದರೆ ಉಳಿದದ್ದೆಲ್ಲ ಕೈತಪ್ಪುತ್ತದೆ. ಆಪರೇಷನ್ ಥಿಯೇಟರ್ ಹೊರಗೆ ಕೂತ ತಾಯಿಯ ಪಕ್ಕದಲ್ಲಿ ಕುಳಿತು 'ಇನ್ಶಾ ಅಲ್ಲಾಹ್ ಖೈರ್' ಎನ್ನುವವರು ಯಾರಿಗೂ ಮಾತು ಕೊಡುತ್ತಿಲ್ಲ, ಯಾವುದರಿಂದಲೂ ಜಾರಿಕೊಳ್ಳುತ್ತಿಲ್ಲ. ಕೈರೋದ, ಬೈರೂತಿನ ಕ್ರೈಸ್ತರೂ ಇದನ್ನೇ ಹೇಳುತ್ತಾರೆ. ಬೈಬಲ್ಲಿನ ಯಾಕೋಬನ ಪತ್ರಿಕೆಯಲ್ಲೂ, ನಾಳೆ ಇಂಥ ಊರಿಗೆ ಹೋಗಿ ವ್ಯಾಪಾರ ಮಾಡುತ್ತೇವೆ ಎನ್ನುವವರಿಗೆ, ಕರ್ತನ ಚಿತ್ತವಿದ್ದರೆ ಎಂದು ಸೇರಿಸಿ ಹೇಳಿ ಎಂಬ ಬುದ್ಧಿಮಾತಿದೆ.

ನಮ್ಮ ಕರಾವಳಿಯಿಂದ ಗಲ್ಫಿಗೆ ಹೋದವರಿಗೆ ಇದೆಲ್ಲ ತೀರಾ ಹತ್ತಿರದ ವಿಷಯ. ಬ್ಯಾರಿಗಳಿಗೆ, ಭಟ್ಕಳದ ನವಾಯತರಿಗೆ ಈ ಮಾತು ಮನೆಯಲ್ಲೇ ಇದೆ. ಉಳಿದವರಿಗೆ ಅಲ್ಲಿ ಹೋದಮೇಲೆ ನಾಲಿಗೆಗೆ ಅಂಟುತ್ತದೆ. ಅವರೆಲ್ಲರೂ ಒಂದಲ್ಲ ಒಂದು ವರ್ಷ ಎದುರಿಸುವ ಪ್ರಶ್ನೆ ರಜೆಯದು. ಊರಲ್ಲಿ ತಂಗಿಯ ಮದುವೆ, ಮ್ಯಾನೇಜರ್ ಹತ್ತಿರ ರಜೆ ಕೇಳುತ್ತೀರಿ, "ಇನ್ಶಾ ಅಲ್ಲಾಹ್" ಎನ್ನುತ್ತಾರೆ. ಇದು ಹೌದೋ ಇಲ್ಲವೋ ಎಂದು ಮುಖ ನೋಡಿ ತಿಳಿಯುವುದು ಕಷ್ಟ. ಖಂಡಿತಾನಾ ಎಂದು ಕೇಳಿದರೆ ಇನ್ನೊಂದು ಇನ್ಶಾ ಅಲ್ಲಾಹ್ ಸಿಗುತ್ತದೆ, ಮೇಲಿಂದ ಅವರ ಮಾತನ್ನು ನಂಬಲಿಲ್ಲ ಎಂಬ ಬೇಸರ. ದೇವರ ಹೆಸರು ಬಂದಮೇಲೆ ಗ್ಯಾರಂಟಿ ಕೇಳುವುದು ಅವರ ಕಿವಿಗೆ ಸರಿ ಕೇಳಿಸದು. ಶಾರ್ಜಾದಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಸುಡಾನಿನ ಹಿರಿಯರೊಬ್ಬರು ಇದಕ್ಕೆ ದಾರಿ ಹೇಳಿಕೊಟ್ಟರು. ಮುಂದಿನ ಕೆಲಸದ ಬಗ್ಗೆ ಕೇಳು ಎಂದರು. "ಹಾಗಾದರೆ ಟಿಕೆಟ್ ಬುಕ್ ಮಾಡಲಾ?" ಎನ್ನಬೇಕು. 'ಇಹ್ಜಿಜ್', ಅಂದರೆ ಬುಕ್ ಮಾಡು ಎಂದರೆ ರಜೆ ಸಿಕ್ಕಿತು. 'ಇಸ್ತನ್ನಾ ಶ್ವಯ್ಯ', ಸ್ವಲ್ಪ ತಡಿ ಎಂದರೆ ಅವರು ಮೇಲಿನವರನ್ನು ಇನ್ನೂ ಕೇಳಿಲ್ಲ. ಆಗ ಎರಡು ದಿನ ಬಿಟ್ಟು, ರಜೆ ಅರ್ಜಿಯಲ್ಲಿ ತಾರೀಕು ತುಂಬಿಸಿ, ಪೆನ್ನು ಸಮೇತ ಅವರ ಮೇಜಿನ ಮೇಲಿಡಬೇಕು.